‘ಪಿ’ ಅಕ್ಷರದೊಳಗೆ ಅಡಗಿದ ಗಂಟೆಗಳು: ಮುಂಬಯಿ ಹೋಟೆಲುಗಳ ಮಸ್ಟರಿನ ಹಿನ್ನೆಲೆ

ಮಾಟುಂಗಾ, ಅಂಧೇರಿ ಕಡೆಯ ನಮ್ಮ ಉಡುಪಿ ಹೋಟೆಲುಗಳಲ್ಲಿ ಮಸ್ಟರ್ ಎಂದರೆ ಗಲ್ಲಾದ ಕೆಳಗಿನ ಕಪಾಟಿನಲ್ಲಿ ಇಟ್ಟಿರುವ ಉದ್ದನೆಯ ಪುಸ್ತಕ. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ತಿಂಗಳುದ್ದಕ್ಕೂ ‘ಪಿ’ ಎಂಬ ಅಕ್ಷರ. ಕೆಲವು ಹೋಟೆಲುಗಳ ಲೆಕ್ಕ ಬರೆದ ವರ್ಷಗಳಲ್ಲಿ ನಾನೂ ಹಾಗೆಯೇ ಬರೆದಿದ್ದೇನೆ. ಮಾಣಿ ಆ ದಿನ ಬಂದನೆಂಬುದನ್ನು ಆ ಅಕ್ಷರ ಹೇಳುತ್ತದೆ. ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಬಿಟ್ಟ ಎಂಬುದನ್ನು ಹೇಳುವುದಿಲ್ಲ. ಕಾಯ್ದೆ ಕೇಳುತ್ತ ಬಂದಿರುವುದು ಮುಖ್ಯವಾಗಿ ಆ ಎರಡನೆಯ ಸಂಗತಿಯನ್ನು.

ಮುಂಬಯಿ ಪ್ರಾಂತ್ಯದಲ್ಲಿ ಅಂಗಡಿ, ಹೋಟೆಲುಗಳ ಕೆಲಸದ ಹೊತ್ತಿಗೆ ಮಿತಿ ಹಾಕಿದ ಮೊದಲ ಕಾಯ್ದೆ 1939ರದು. ಅದರ ಜಾಗಕ್ಕೆ 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಬಂತು. ಊರವರು ಇಂದಿಗೂ ಗುಮಾಸ್ತಾ ಲೈಸೆನ್ಸ್ ಎನ್ನುವುದು ಅದರ ನೋಂದಣಿಯಿಂದ ಬಂದ ಮಾತು. ಅದೇ ವರ್ಷ ಕನಿಷ್ಠ ವೇತನ ಕಾಯ್ದೆಯೂ ಜಾರಿಯಾಯಿತು, ಮತ್ತು ಅದರಡಿ 1963ರಲ್ಲಿ ಮಹಾರಾಷ್ಟ್ರ ಮಾಡಿದ ನಿಯಮಗಳು ಹಾಜರಿ ಮತ್ತು ವೇತನವನ್ನು ಒಂದೇ ಹಾಳೆಯ ಮೇಲೆ ತಂದವು. ಎರಡನೇ ನಮೂನೆ ಎಂಬ ಆ ಹಾಳೆಯಲ್ಲಿ ಕೆಲಸ ಶುರುವಾಗುವ ಮತ್ತು ಮುಗಿಯುವ ಹೊತ್ತು, ನಡುವಿನ ವಿರಾಮ, ಹೆಚ್ಚುವರಿ ಗಂಟೆ, ಕೊಡಬೇಕಾದ ಕನಿಷ್ಠ ದರ, ಕೊಟ್ಟ ದರ, ಕಡಿತ, ಕೊನೆಗೆ ಕೆಲಸಗಾರನ ಸಹಿ ಇಲ್ಲವೇ ಹೆಬ್ಬೆಟ್ಟು ಸಾಲಾಗಿ ಬರುತ್ತವೆ. ದಿನಗಳ ಎಡಗಡೆ ಹೊತ್ತು, ಬಲಗಡೆ ಹಣ: ಒಂದು ಸುಳ್ಳಾದರೆ ಇನ್ನೊಂದು ಹೇಳಿಕೊಡಲಿ ಎಂಬಂತೆ ಈ ಹಾಳೆ ರೂಪುಗೊಂಡಿದೆ.

ಆದ್ದರಿಂದ ಅನುಭವವಿರುವ ಇನ್‌ಸ್ಪೆಕ್ಟರ್ ಮೊದಲು ಪುಸ್ತಕ ತೆರೆಯುವುದಿಲ್ಲ. ಅವರು ಅಡುಗೆಮನೆಗೆ ಹೋಗಿ ದೋಸೆಕಲ್ಲಿನ ಮುಂದಿರುವವನ, ಪಾತ್ರೆ ತೊಳೆಯುವವನ, ಮೇಜು ಒರೆಸುವ ಹುಡುಗನ ಹೆಸರು ಕೇಳಿ ತಲೆ ಎಣಿಸುತ್ತಾರೆ. ಯಾವಾಗ ಬಂದಿರಿ, ರಜೆ ಯಾವ ವಾರ ಎಂದು ವಿಚಾರಿಸುತ್ತಾರೆ. ಆಮೇಲೆ ಮಸ್ಟರ್ ಕೇಳುತ್ತಾರೆ. ‘ಅವನು ನಿನ್ನೆಯಷ್ಟೇ ಊರಿನಿಂದ ಬಂದ’ ಎಂಬ ಉತ್ತರ ಅವರಿಗೆ ಹೊಸದಲ್ಲ. ತಿಂಗಳ ಇಪ್ಪತ್ತನೇ ತಾರೀಖಿನಂದು ಮೂವತ್ತರವರೆಗೂ ‘ಪಿ’ ತುಂಬಿದ್ದರೆ, ಎಲ್ಲ ಹೆಸರೂ ಒಂದೇ ಶಾಯಿಯಲ್ಲಿ ಒಂದೇ ಕೂರುವಿಕೆಯಲ್ಲಿ ಬರೆದಂತಿದ್ದರೆ, ಅಥವಾ ಯಾರಿಗೂ ವಾರದ ರಜೆಯ ಗುರುತಿಲ್ಲದಿದ್ದರೆ ಪುಸ್ತಕ ದಿನದಿನ ಬರೆದದ್ದಲ್ಲ ಎಂಬುದು ಗೊತ್ತಾಗುತ್ತದೆ. ಪಿಎಫ್ ಮಾಸಿಕ ವಿವರದಲ್ಲಿರುವ ತಲೆಗಳಿಗೂ ಮಸ್ಟರಿನ ತಲೆಗಳಿಗೂ ತಾಳೆಯಾಗದಿದ್ದರೆ ಪ್ರಶ್ನೆ ಇನ್ನೂ ಮುಂದೆ ಹೋಗುತ್ತದೆ.

ಒಬ್ಬ ಮಾಣಿಯ ಲೆಕ್ಕವನ್ನು ಹಿಡಿದು ನೋಡೋಣ. ಇಪ್ಪತ್ತೆರಡು ಮಂದಿಯ ಹೋಟೆಲು. ಅವನು ಬೆಳಿಗ್ಗೆ 6ರಿಂದ 11, ಸಂಜೆ 4ರಿಂದ 9, ಹೀಗೆ ದಿನಕ್ಕೆ 10 ಗಂಟೆ, ವಾರಕ್ಕೆ ಆರು ದಿನ ದುಡಿಯುತ್ತಾನೆ. ಲೆಕ್ಕಕ್ಕಾಗಿ ಪಗಾರ ತಿಂಗಳಿಗೆ 15,600 ರೂಪಾಯಿ ಎಂದುಕೊಳ್ಳೋಣ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 75. ವಾರದ ಮಿತಿ 48 ಗಂಟೆ. ಅವನು ದುಡಿದದ್ದು 60. ಹೆಚ್ಚುವರಿ ಹೊತ್ತಿಗೆ ಇಮ್ಮಡಿ ದರ, ಅಂದರೆ ಗಂಟೆಗೆ 150. ತಿಂಗಳಿಗೆ 52 ಗಂಟೆ, 7,800 ರೂಪಾಯಿ. ಹಾಳೆಯಲ್ಲಿ ಇರುವುದು ಇಪ್ಪತ್ತಾರು ‘ಪಿ’ ಮತ್ತು 15,600 ಮಾತ್ರ.

ಮಾಲೀಕರು ಆ 7,800 ಕೊಟ್ಟುಬಿಟ್ಟರೂ ತೊಂದರೆ ಮುಗಿಯದು. ಮೂರು ತಿಂಗಳಲ್ಲಿ ಹೆಚ್ಚುವರಿ ದುಡಿಮೆ 156 ಗಂಟೆಯಾಗುತ್ತದೆ. 1948ರ ಕಾಯ್ದೆಯ ಜಾಗಕ್ಕೆ ಬಂದ 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಮೂಲದಲ್ಲಿ ಇಟ್ಟ ಮಿತಿ 125, 2025ರ ತಿದ್ದುಪಡಿ ಅದನ್ನು 144ಕ್ಕೆ ಏರಿಸಿತು. ಇನ್ನೊಂದು ದೋಷ ಮಧ್ಯಾಹ್ನದ ಐದು ಗಂಟೆಯಲ್ಲಿದೆ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗಿನ ಹರವು 15 ಗಂಟೆ. ಮೂಲ ಕಾಯ್ದೆ ಬಿಟ್ಟದ್ದು ಹತ್ತೂವರೆ, ಬಿಟ್ಟುಬಿಟ್ಟು ನಡೆಯುವ ಅಥವಾ ತುರ್ತು ಕೆಲಸಕ್ಕೆ ಹನ್ನೆರಡು. ಮಲಗಲು ಕೋಣೆ ಮೇಲೆಯೇ ಇರುವ ಹುಡುಗನಿಗೆ ಆ ಐದು ಗಂಟೆ ವಿರಾಮವೆಂದು ನಾವು ನಂಬಿಕೊಂಡು ಬಂದಿದ್ದೇವೆ. ಆದರೆ ಅವನು ಆ ಹೊತ್ತಿನಲ್ಲಿ ಮನೆಗೂ ಹೋಗಲಾರ, ಶಾಲೆಗೂ ಹೋಗಲಾರ.

2017ರ ಕಾಯ್ದೆ ಇನ್‌ಸ್ಪೆಕ್ಟರನ್ನು ‘ಸುಗಮಕಾರ’ ಎಂದು ಕರೆದು, ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡಲು ಒಪ್ಪಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ದಾಖಲೆ ಸರಿಯಾಗಿ ಇಡದ ತಪ್ಪಿಗೆ ಹತ್ತು ಸಾವಿರದವರೆಗೆ ದಂಡ ಹೇಳುತ್ತದೆ, ಮೊಕದ್ದಮೆಗೆ ಮೊದಲು ತಿದ್ದಿಕೊಳ್ಳಲು ಅವಕಾಶವನ್ನೂ ಕೊಡುತ್ತದೆ. ನನ್ನ ದೃಷ್ಟಿಯಲ್ಲಿ ದಂಡಕ್ಕಿಂತ ಭಾರವಾದದ್ದು ಅದರ ಇನ್ನೊಂದು ವಿಧಿ: ಪಗಾರ ಬಂದಿಲ್ಲವೆಂದು ಕೆಲಸಗಾರ ದೂರು ಕೊಟ್ಟರೆ, ಕೊಟ್ಟಿದ್ದೇವೆಂದು ಸಾಬೀತುಮಾಡುವ ಹೊಣೆ ಮಾಲೀಕನದು, ಮತ್ತು ದೂರಿಗೆ ಮೂರು ವರ್ಷದ ಅವಧಿ ಇದೆ. ಅಷ್ಟು ಹಿಂದಿನ ಒಂದು ಮಂಗಳವಾರ ಆ ಮಾಣಿ ಎಷ್ಟು ಗಂಟೆಗೆ ಬಿಟ್ಟನೆಂದು ಕೇಳಿದಾಗ ‘ಪಿ’ ಎಂಬ ಅಕ್ಷರ ಮಾಲೀಕನ ಪರವಾಗಿ ಏನನ್ನೂ ಹೇಳದು.