ಅಂಗಿ ಒಂದೇ, ಫೋಟೋದಲ್ಲಿ ಬಣ್ಣ ಎರಡು ಯಾಕೆ?

ಪ್ರಶ್ನೆ: ಅದೇ ಅಂಗಿ, ಅದೇ ಫೋನು. ಬೆಳಿಗ್ಗೆ ಬಾಲ್ಕನಿಯಲ್ಲಿ ತೆಗೆದರೆ ನೀಲಿ, ರಾತ್ರಿ ರೂಮಿನಲ್ಲಿ ತೆಗೆದರೆ ಬೂದು. ಕ್ಯಾಮೆರಾ ಹಾಳಾಗಿದೆಯಾ? ಜಾಸ್ತಿ ಮೆಗಾಪಿಕ್ಸೆಲ್ ಇರುವ ಫೋನ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ಹಾಳಾಗಿಲ್ಲ. ಹೊಸ ಫೋನ್ ತಗೊಂಡರೂ ಸರಿಹೋಗುವುದಿಲ್ಲ. ಈ ಮೆಗಾಪಿಕ್ಸೆಲ್ ಮಾತಿಗೆ ಎಷ್ಟು ಸಲ ಉತ್ತರ ಕೊಟ್ಟರೂ ಅದು ಮತ್ತೆ ಎದ್ದು ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕಿಗಳಿವೆ ಅನ್ನುವ ಎಣಿಕೆ, ಅಷ್ಟೇ. 12 ಇರಲಿ 108 ಇರಲಿ, ಪ್ರತಿ ಚುಕ್ಕಿಯೂ ಅಂಗಿಯಿಂದ ಬಂದ ಬೆಳಕನ್ನು ಅಳೆಯುತ್ತದೆಯೇ ಹೊರತು ಅಂಗಿಯ ಬಣ್ಣವನ್ನಲ್ಲ. ಆ ಬೆಳಕಲ್ಲಿ ಬಲ್ಬಿನ ಬಣ್ಣವೂ ಬೆರೆತಿರುತ್ತದೆ.

ಒಂದು ತಿಳಿನೀಲಿ ಅಂಗಿ ತನ್ನ ಮೇಲೆ ಬಿದ್ದ ಕೆಂಪಿನಲ್ಲಿ ನೂರಕ್ಕೆ 30, ಹಸಿರಿನಲ್ಲಿ 34, ನೀಲಿಯಲ್ಲಿ 42 ಪಾಲು ವಾಪಸ್ ಕಳಿಸುತ್ತದೆ ಅಂದುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ಆರಿಸಿದ ಅಂಕಿಗಳು ಇವು. ಹಗಲಿನ ಬೆಳಕಲ್ಲಿ ಮೂರೂ ಬಣ್ಣ ತಲಾ 100 ಇದ್ದರೆ ಕ್ಯಾಮೆರಾಕ್ಕೆ ಸಿಗುವುದು 30, 34, 42. ನೀಲಿ ಮುಂದಿದೆ, ಅಂಗಿ ನೀಲಿ.

ಈಗ ರೂಮಿನ ಹಳದಿ ಬಲ್ಬು. ಅದರಲ್ಲಿ ಕೆಂಪು ಹೆಚ್ಚು, ನೀಲಿ ಕಮ್ಮಿ: 140, 100, 75 ಅನ್ನೋಣ. ಅದೇ ಅಂಗಿಯಿಂದ ಬರುವುದು 42, 34, 31.5. ಬಿಳಿ ಹಾಳೆಗೂ ಈ ಬೆಳಕಲ್ಲಿ ಹಳದಿ ಛಾಯೆ ಬಂದಿರುತ್ತದೆ, ನಮ್ಮ ಕಣ್ಣು ಆ ಛಾಯೆಯನ್ನು ತಾನೇ ಕಳೆದು ನೋಡುತ್ತದೆ. ಫೋನಿನಲ್ಲಿ ಆ ಕೆಲಸ ಮಾಡುವುದು ಆಟೋ ವೈಟ್ ಬ್ಯಾಲೆನ್ಸ್. ಬೆಳಕಿನ ಬಣ್ಣ ಏನಿರಬಹುದೆಂದು ಊಹಿಸಿ ಅದರಿಂದ ಭಾಗಿಸುತ್ತದೆ. ಊಹೆ ಪೂರ್ತಿ ಸರಿಯಾದರೆ ಮತ್ತೆ 30, 34, 42 ಬರುತ್ತದೆ. ಆದರೆ ರೂಮಿನ ಬೆಚ್ಚನೆಯ ಕಳೆ ಉಳಿಯಲಿ ಅಂತ ಫೋನುಗಳು ಸಾಮಾನ್ಯವಾಗಿ ಅರ್ಧಂಬರ್ಧ ಸರಿಪಡಿಸುತ್ತವೆ. 1.4, 1, 0.75ರ ಬದಲು 1.2, 1, 0.9ರಿಂದ ಭಾಗಿಸಿತು ಅನ್ನಿ. ಫಲ 35, 34, 35. ಮೂರೂ ಹತ್ತಿರಹತ್ತಿರ ಸಮ, ಅಂದರೆ ಬೂದು. ನಿಮ್ಮ ಅಂಗಿಯ ನೀಲಿ ಹೋದದ್ದು ಇಲ್ಲಿ. ಇದರಲ್ಲಿ ಮೆಗಾಪಿಕ್ಸೆಲ್ ಎಲ್ಲಿ ಬಂತು, ಹೇಳಿ?

ಇನ್ನೂ ನಂಬಿಕೆ ಬರದಿದ್ದರೆ ಬೆಳಕನ್ನು ಬದಲಿಸದೆಯೇ ಒಂದು ಪರೀಕ್ಷೆ ಮಾಡಿ. ಒಂದು ಫೋಟೋದಲ್ಲಿ ಅಂಗಿಯೇ ಫ್ರೇಮ್ ಪೂರ್ತಿ ತುಂಬಿರಲಿ. ಇನ್ನೊಂದರಲ್ಲಿ ಗೋಡೆ, ಮರದ ಮೇಜು, ಬಿಳಿ ಹಾಳೆ ಎಲ್ಲ ಕಾಣಲಿ. ಎಷ್ಟೋ ಫೋನುಗಳಲ್ಲಿ ಮೊದಲನೆಯದರ ನೀಲಿ ಪೇಲವವಾಗಿರುತ್ತದೆ. ಎಲ್ಲೆಲ್ಲೂ ನೀಲಿಯೇ ಕಂಡರೆ ಬೆಳಕೇ ನೀಲಿ ಇರಬೇಕೆಂದು ಫೋನು ಎಣಿಸಿ, ನೀಲಿಯನ್ನು ಕಳೆದುಬಿಡುತ್ತದೆ.

ಪರಿಹಾರ ಇರುವುದು ಸೆಟಿಂಗಿನಲ್ಲಿ. ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ WB ಒತ್ತಿ, ಆಟೋ ಬಿಟ್ಟು ಅಂಕಿ ಕೊಡಿ: ಹಳದಿ ಬಲ್ಬಿಗೆ 2700ರಿಂದ 3000, ನಡುಹಗಲ ಬಿಸಿಲಿಗೆ 5500, ಬಿಳಿ ಎಲ್‌ಇಡಿಗೆ 6500ರ ಆಸುಪಾಸು. ಬಲ್ಬಿನ ಡಬ್ಬಿಯ ಮೇಲೆ ಕೆ ಅಕ್ಷರದ ಜೊತೆ ಇರುವುದು ಇದೇ ಅಂಕಿ. ಅಂಗಿಯ ಪಕ್ಕ ಬಿಳಿ ಹಾಳೆ ಇಟ್ಟು, ಅದು ಹಳದಿಯೂ ನೀಲಿಯೂ ಅಲ್ಲದೆ ಕಾಣುವವರೆಗೆ ಅಂಕಿಯನ್ನು ಹೊಂದಿಸಿ. ಪ್ರಿಂಟರ್ ಹಾಳೆಗೆ ಹೊಳಪಿನ ರಾಸಾಯನಿಕ ಹಾಕಿರುವುದರಿಂದ ಹಗಲಿನಲ್ಲಿ ಅದು ತುಸು ನೀಲಿಯಾಗಿರುತ್ತದೆ. ಹಾಗಾಗಿ ಮಾರಾಟಕ್ಕೆ ಫೋಟೋ ತೆಗೆಯುವವರು ಫೋಟೋಗ್ರಫಿ ಅಂಗಡಿಯಲ್ಲಿ ಸಿಗುವ, ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ಗ್ರೇ ಕಾರ್ಡ್ ತಗೊಳ್ಳುವುದು ಮೇಲು. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಹಳದಿ ಬಲ್ಬು ಇದ್ದರೆ ಮಾತ್ರ ಯಾವ ಅಂಕಿಯೂ ಕೆಲಸಕ್ಕೆ ಬಾರದು. ಅಂಗಿಯ ಒಂದು ತೋಳು ನೀಲಿ, ಇನ್ನೊಂದು ಬೂದು ಆಗುತ್ತದೆ. ಬಲ್ಬು ಆಫ್ ಮಾಡಿ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸೀರೆಗೆ ಸರಿಯಾಗಿ ಹೊಂದಿದ ಬ್ಲೌಸ್ ಪೀಸು ಬೀದಿಗೆ ಬಂದಾಗ ಬೇರೆಯಾಗಿ ಕಾಣುತ್ತದಲ್ಲ, ಅದು ಇದಲ್ಲ. ಅಲ್ಲಿ ಕ್ಯಾಮೆರಾವೇ ಇಲ್ಲ. ಎರಡು ಬಟ್ಟೆಗೆ ಬೇರೆಬೇರೆ ಡೈ ಹಾಕಿರುತ್ತಾರೆ. ಒಂದು ದೀಪದಡಿ ಎರಡೂ ಕಣ್ಣಿಗೆ ಒಂದೇ ಅನ್ನಿಸುತ್ತವೆ, ದೀಪ ಬದಲಾದರೆ ಜೋಡಿ ಒಡೆಯುತ್ತದೆ. ಇದನ್ನು ಮೆಟಮೆರಿಸಂ ಅನ್ನುತ್ತಾರೆ, ವೈಟ್ ಬ್ಯಾಲೆನ್ಸ್ ಇದನ್ನು ಸರಿಮಾಡಲಾರದು. ಎರಡನ್ನೂ ಬಾಗಿಲ ಹತ್ತಿರ ಹಗಲಿನಲ್ಲಿ ಹಿಡಿದು ನೋಡಿ, ಆಮೇಲೆ ಹಳದಿ ದೀಪದಡಿಯೂ ನೋಡಿ. ಎರಡೂ ಕಡೆ ಹೊಂದಿದರೆ ಮಾತ್ರ ಕತ್ತರಿಸಲು ಹೇಳಿ.