ಹತ್ತು ಸೆಕೆಂಡು ಕಳೆದರೂ ನೀವು ಯಾರು ಅಂತ ಗೊತ್ತಾಗಲಿಲ್ಲ

ಬಯೋ ಬರೆದು ಮುಗಿಸಿದ ಮೇಲೆ ಬಹಳ ಜನ ಅದನ್ನು ತಂಗಿಗೋ ಗೆಳೆಯನಿಗೋ ಕಳಿಸಿ "ಹೇಗಿದೆ ನೋಡು" ಅನ್ನುತ್ತಾರೆ. "ಸೂಪರ್" ಅಂತ ಉತ್ತರ ಬರುತ್ತದೆ. ಪರೀಕ್ಷೆ ಆಯ್ತು ಅಂದುಕೊಂಡು ಹಾಕಿಬಿಡುತ್ತಾರೆ. ಬೇರೆಯವರಿಗೆ ಬಯೋ ಬರೆದುಕೊಡುವ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬೇಜಾರು ತರಿಸುವುದು ಇದೇ. ನೀವೇನು ಕೆಲಸ ಮಾಡುತ್ತೀರಿ ಅಂತ ತಂಗಿಗೆ ಮೊದಲೇ ಗೊತ್ತು. ಬಯೋದಲ್ಲಿ ಬಿಟ್ಟುಹೋದದ್ದನ್ನು ಅವಳು ತಾನೇ ತುಂಬಿಕೊಂಡು ಓದುತ್ತಾಳೆ. ಅವಳ "ಸೂಪರ್" ನಿಮ್ಮ ಮೇಲಿನ ಪ್ರೀತಿ, ಅಷ್ಟೇ. ಬಯೋ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಸರಿಯಾದ ಪರೀಕ್ಷೆಗೆ ನಿಮ್ಮನ್ನೂ ನಿಮ್ಮ ಕೆಲಸವನ್ನೂ ಅರಿಯದ ಒಬ್ಬರು ಬೇಕು. ಫೋನಿನಲ್ಲೇ ತೋರಿಸಿ, ಯಾಕೆಂದರೆ ಜನ ಓದುವುದು ಅಲ್ಲೇ. ಹತ್ತು ಸೆಕೆಂಡು ಆದ ಕೂಡಲೇ ಫೋನ್ ವಾಪಸ್ ತಗೊಳ್ಳಿ. ಆಮೇಲೆ ಕೇಳಿ: ಇವರು ಏನು ಕೆಲಸ ಮಾಡ್ತಾರೆ? ಯಾರಿಗೆ? ಇವರ ಹತ್ತಿರ ಯಾವಾಗ ಹೋಗ್ತೀರಿ? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. "ಅಲ್ಲಲ್ಲ, ನಾನು ಹೇಳಿದ್ದು..." ಅಂತ ಬಾಯಿ ಹಾಕಬೇಡಿ. ನೀವು ಒಮ್ಮೆ ವಿವರಿಸಿದರೆ ಅವರು ಇನ್ನು ಹೊಸಬರಲ್ಲ, ಅಲ್ವಾ?

ಒಬ್ಬ ಫಿಸಿಯೋಥೆರಪಿಸ್ಟ್ ತಮ್ಮ ಬಯೋ ತಂದಿದ್ದರು. ರಾತ್ರಿ ಕೂತು ತಿದ್ದಿ ತಿದ್ದಿ ಬರೆದದ್ದು. ಅದು ಹೀಗಿತ್ತು:

"ನೋವುಮುಕ್ತ ಬದುಕು ಎಲ್ಲರ ಹಕ್ಕು ಎಂದು ನಂಬಿ, ಕಳೆದ 14 ವರ್ಷಗಳಿಂದ ನೂರಾರು ಜನರ ಬದುಕಿನಲ್ಲಿ ಹೊಸ ಚೈತನ್ಯ ತುಂಬುತ್ತಾ, ಪ್ರತಿಯೊಬ್ಬರ ದೇಹ ಮತ್ತು ಮನಸ್ಸಿನ ಅಗತ್ಯವನ್ನು ಅರಿತು, ಪ್ರೀತಿ ಮತ್ತು ತಾಳ್ಮೆಯಿಂದ ಆರೈಕೆ ಮಾಡುತ್ತಾ ಬಂದಿರುವ, ಮೊಣಕಾಲು ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯಲ್ಲಿ ವಿಶೇಷ ಪರಿಣತಿ ಹೊಂದಿರುವ ಫಿಸಿಯೋಥೆರಪಿಸ್ಟ್."

ಐದು ಜನರಿಗೆ ತೋರಿಸಿದೆವು. ಇಬ್ಬರು "ಯೋಗ ಟೀಚರ್" ಅಂದರು. ಒಬ್ಬರು "ಕೌನ್ಸೆಲಿಂಗ್ ಮಾಡೋರು". ಇನ್ನೊಬ್ಬರು "ಡಾಕ್ಟರ್ ಇರಬೇಕು". ಕೊನೆಯವರು ಸುಮ್ನೆ ನಕ್ಕು "ಒಳ್ಳೆಯವರು ಅನ್ಸುತ್ತೆ" ಅಂದರು. "ಡಾಕ್ಟರ್ ಅಂದ್ರಲ್ಲ, ಹತ್ತಿರ ಬಂದಿದೆ" ಅಂತ ಬಯೋ ತಂದವರಿಗೆ ಸಮಾಧಾನ. ನಾನು ಒಪ್ಪಲಿಲ್ಲ. ಮೊಣಕಾಲಿನ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಹತ್ತಿರದ ಉತ್ತರವನ್ನು ಸರಿ ಅಂತ ಎಣಿಸಿಕೊಂಡರೆ ಪರೀಕ್ಷೆ ಮಾಡಿಯೂ ಉಪಯೋಗವಿಲ್ಲ.

"ಅವರು ಪೂರ್ತಿ ಓದಲೇ ಇಲ್ಲ" ಅಂದರು. ನಿಜ. ಓದಲಿಲ್ಲ ಯಾಕೆ ಅಂತ ಪದ ಎಣಿಸಿ ತೋರಿಸಿದೆ. "ಮೊಣಕಾಲು" ಬರುವುದು 28ನೇ ಪದವಾಗಿ. "ಫಿಸಿಯೋಥೆರಪಿಸ್ಟ್" 35ನೆಯದು, ಅಂದರೆ ಕಟ್ಟಕಡೆಯದು. ಹತ್ತು ಸೆಕೆಂಡಿನಲ್ಲಿ ಹೊಸಬರು "ಪ್ರೀತಿ ಮತ್ತು ತಾಳ್ಮೆ"ಯವರೆಗೆ ಬಂದಿದ್ದರೆ ಹೆಚ್ಚು.

ಕನ್ನಡದಲ್ಲಿ ಬಯೋ ಬರೆಯುವವರು ಇಲ್ಲಿ ಜಾಸ್ತಿ ಎಚ್ಚರ ವಹಿಸಬೇಕು. ನಮ್ಮ ಭಾಷೆಯಲ್ಲಿ "ನಂಬಿ, ಅರಿತು, ಮಾಡುತ್ತಾ, ಬಂದಿರುವ, ಹೊಂದಿರುವ" ಅಂತ ಎಷ್ಟು ಬೇಕಾದರೂ ಪೋಣಿಸುತ್ತಾ ಹೋಗಬಹುದು. ಆದರೆ ಅವೆಲ್ಲ ಯಾರ ಬಗ್ಗೆ ಅನ್ನುವ ಪದ ಕೊನೆಗೇ ಬರುತ್ತದೆ. ವ್ಯಾಕರಣ ಸರಿಯಾಗಿಯೇ ಇರುತ್ತದೆ. ಬರೆದವರಿಗೆ ಕೊನೆಯ ಪದ ಮೊದಲೇ ಗೊತ್ತಿರುವುದರಿಂದ ಕಾಯುತ್ತಿದ್ದೇವೆ ಅಂತಲೂ ಅನಿಸುವುದಿಲ್ಲ. ಹೊಸಬರು ಮಾತ್ರ ಅಷ್ಟೂ ಹೊತ್ತು ಕತ್ತಲೆಯಲ್ಲಿ ಇರುತ್ತಾರೆ. ಆ ಸರವನ್ನು ಬಿಚ್ಚಬೇಕು. ಕೆಲಸದ ಹೆಸರನ್ನು ಮುಂದಕ್ಕೆ ತಂದು, ಅಲ್ಲೇ ಪೂರ್ಣವಿರಾಮ ಹಾಕಬೇಕು.

ಹೀಗೆ ಬದಲಾಯಿಸಿದೆವು: "ನಾನು ಫಿಸಿಯೋಥೆರಪಿಸ್ಟ್. ಮೊಣಕಾಲು ಆಪರೇಷನ್ ಆದವರು ಮತ್ತೆ ಆರಾಮಾಗಿ ನಡೆಯುವಂತೆ ವ್ಯಾಯಾಮ ಮಾಡಿಸುತ್ತೇನೆ. 14 ವರ್ಷಗಳ ಅನುಭವ." ಪ್ರೀತಿ, ತಾಳ್ಮೆ ಹೋಯಿತಲ್ಲ ಅಂತ ಅವರಿಗೆ ನೋವಾಯಿತು. ಆ ಮಾತು ಸುಳ್ಳೇನಲ್ಲ, ಅವರು ನಿಜವಾಗಿಯೂ ಹಾಗೇ ಇದ್ದಾರೆ. ಅದನ್ನು ಕೆಳಗೆ, ಉಳಿದದ್ದನ್ನು ಓದುವವರಿಗಾಗಿ ಇಟ್ಟೆವು.

ಎರಡನೇ ಸಲಕ್ಕೆ ಬೇರೆಯೇ ಐದು ಜನ. ಮೊದಲಿನವರಿಗೆ ಉತ್ತರ ಗೊತ್ತಾಗಿರುತ್ತದೆ, ಅವರನ್ನು ಮತ್ತೆ ಕರೆಯಬಾರದು. ಐದು ಜನರಿಂದ ಎಲ್ಲವೂ ಗೊತ್ತಾಗುತ್ತದೆ ಅಂತ ನಾನು ಹೇಳುವುದಿಲ್ಲ. ಓದಿದವರಿಗೆ ನಂಬಿಕೆ ಬಂತೋ ಇಲ್ಲವೋ ಅನ್ನುವುದನ್ನೂ ಈ ಪರೀಕ್ಷೆ ಹೇಳಲಾರದು. ಅರ್ಥವಾಯಿತೇ ಅನ್ನುವುದನ್ನಷ್ಟೇ ಹೇಳುತ್ತದೆ. ಈ ಸಲ ಐವರೂ ಕೆಲಸವನ್ನು ಸರಿಯಾಗಿ ಹೇಳಿದರು, ನಾಲ್ವರು ಮೊಣಕಾಲು ಅಂದರು. ಅವರಲ್ಲಿ ಮೂವರು ತಾವಾಗಿಯೇ ಒಂದು ಪ್ರಶ್ನೆ ಕೇಳಿದರು: "ಇವರು ಮನೆಗೆ ಬರ್ತಾರಾ, ನಾವೇ ಹೋಗ್ಬೇಕಾ?"

ಈ ಫಿಸಿಯೋಥೆರಪಿಸ್ಟ್ ಮೊದಲಿಂದಲೂ ಮನೆಗೇ ಹೋಗಿ ವ್ಯಾಯಾಮ ಮಾಡಿಸುವವರು. ಆಪರೇಷನ್ ಆದವರು ಮೆಟ್ಟಿಲು ಇಳಿದು ಬರುವುದೇ ಕಷ್ಟ. ಅವರಿಂದ ವ್ಯಾಯಾಮ ಮಾಡಿಸಿಕೊಳ್ಳುವವರಿಗೆಲ್ಲ ಇದು ಗೊತ್ತಿತ್ತು, ಹಾಗಾಗಿ ಬರೆಯಬೇಕು ಅಂತ ಹೊಳೆದೇ ಇರಲಿಲ್ಲ. "14 ವರ್ಷಗಳ ಅನುಭವ" ಇದ್ದ ಜಾಗದಲ್ಲಿ "ನಿಮ್ಮ ಮನೆಗೇ ಬರುತ್ತೇನೆ" ಅಂತ ಹಾಕಿ, ಅನುಭವವನ್ನು ಅದರ ಹಿಂದಕ್ಕೆ ಸರಿಸಿದೆವು.