ಇಂದೇ ಎಣಿಸಿಕೊಟ್ಟ ದುಡ್ಡಿಗೂ ಒಂದು ವರ್ಷದ ಬಡ್ಡಿ ಮುರಿಯುವ NPV

ಒಂದು ಗೋದಾಮನ್ನು ಐದು ವರ್ಷಕ್ಕೆ ಬಾಡಿಗೆಗೆ ಹಿಡಿಯಲು ಹೊರಟಿದ್ದೀರಿ ಅಂದುಕೊಳ್ಳಿ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ. ಬೀಗದ ಕೈ ಸಿಗುವ ದಿನವೇ ಮೊದಲ ವರ್ಷದ ಹಣ ಕೊಡಬೇಕು, ಆಮೇಲೆ ಪ್ರತಿ ವರ್ಷ ಅದೇ ತಾರೀಖಿಗೆ. ಮಾಲೀಕರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: "ಐದೂ ವರ್ಷದ್ದನ್ನು ಈಗಲೇ ಒಟ್ಟಿಗೆ ಕೊಡೋದಾದ್ರೆ 3,80,000ಕ್ಕೆ ಮುಗಿಸೋಣ." ನಿಮ್ಮ ದುಡ್ಡು ವ್ಯಾಪಾರದಲ್ಲಿ ವರ್ಷಕ್ಕೆ ಶೇ 12ರಷ್ಟು ದುಡಿಯುತ್ತದೆ. ಯಾವುದನ್ನು ಒಪ್ಪಬೇಕು?

ಮುಂದೆ ಕೊಡಬೇಕಾದ ಹಣಕ್ಕೆಲ್ಲ ಇಂದಿನ ಬೆಲೆ ಎಷ್ಟೆಂದು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಎಕ್ಸೆಲ್‌ನಲ್ಲಿ B2ರಿಂದ B6ರವರೆಗೆ ಐದು ಸಲ ಒಂದು ಲಕ್ಷ ಬರೆದು, ಹೆಸರೇ 'ನಿವ್ವಳ ವರ್ತಮಾನ ಮೌಲ್ಯ' ಎಂದಿರುವ ಸೂತ್ರವನ್ನು ಹಾಕುತ್ತೀರಿ:

```
=NPV(12%,B2:B6)
```

ಉತ್ತರ 3,60,478. ಹಾಗಾದರೆ ಮಾಲೀಕರು ಕೇಳುತ್ತಿರುವ 3,80,000 ಸುಮಾರು ಇಪ್ಪತ್ತು ಸಾವಿರ ಜಾಸ್ತಿಯಾಯಿತು, ಬೇಡ ಎನ್ನುತ್ತೀರಿ. ಅಲ್ಲೇ ಏಟು ಬಿತ್ತು.

ಅದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ. ಇಂದು ಕೊಡುವ ಒಂದು ಲಕ್ಷದ ಇಂದಿನ ಬೆಲೆ ಒಂದು ಲಕ್ಷವೇ. ಒಂದು ವರ್ಷ ಬಿಟ್ಟು ಕೊಡುವ ಲಕ್ಷವನ್ನು 1.12ರಿಂದ ಭಾಗಿಸಿದರೆ 89,286. ಅದನ್ನು ಮತ್ತೆ ಮತ್ತೆ 1.12ರಿಂದ ಭಾಗಿಸುತ್ತಾ ಹೋದರೆ 79,719, 71,178, ಕೊನೆಯದು 63,552. ಎಲ್ಲ ಕೂಡಿದರೆ 4,03,735. ಅಂದರೆ ಒಟ್ಟಿಗೆ ಕೊಟ್ಟುಬಿಟ್ಟರೆ ನಿಮಗೆ 23,735 ರೂಪಾಯಿ ಉಳಿಯುತ್ತಿತ್ತು.

ಸೂತ್ರ ಲೆಕ್ಕ ತಪ್ಪಿಲ್ಲ, ಕಾಲ ತಪ್ಪಿದೆ. ಪಟ್ಟಿಯ ಮೊದಲ ಹಣ ಇಂದಿನದಲ್ಲ, ಒಂದು ಅವಧಿ ಕಳೆದ ಮೇಲಿನದು ಎಂದು NPV ಹಿಡಿಯುತ್ತದೆ. ಹಾಗಾಗಿ ಇಂದು ಕೈಯಾರೆ ಎಣಿಸಿಕೊಟ್ಟ ಲಕ್ಷವನ್ನೂ 89,286 ಮಾಡಿ, ಉಳಿದ ಎಲ್ಲವನ್ನೂ ಒಂದೊಂದು ವರ್ಷ ಮುಂದಕ್ಕೆ ತಳ್ಳುತ್ತದೆ. ಎಕ್ಸೆಲ್‌ನ ಸಹಾಯ ಪುಟದಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಆದರೆ ಹೆಸರು ನೋಡಿದ ಮೇಲೆ ಸಹಾಯ ಪುಟ ತೆರೆಯುವವರು ಯಾರು? ಪಠ್ಯಪುಸ್ತಕದ ನಿವ್ವಳ ವರ್ತಮಾನ ಮೌಲ್ಯದಲ್ಲಿ ಇಂದಿನ ಹೂಡಿಕೆಯನ್ನು ಮುರಿಯದೆ ಹಾಗೇ ಸೇರಿಸುತ್ತಾರೆ. ಹೆಸರು ಒಂದೇ, ಲೆಕ್ಕ ಬೇರೆ. ಗೂಗಲ್ ಶೀಟ್ಸ್‌ನಲ್ಲೂ ಇದೇ ಕಥೆ. ಈಗ ತಿದ್ದಲು ಹೋದರೆ ಜಗತ್ತಿನ ಹಳೆಯ ಹಾಳೆಗಳ ಉತ್ತರಗಳೆಲ್ಲ ಸದ್ದಿಲ್ಲದೆ ಬದಲಾಗುತ್ತವೆ.

ಸರಿಯಾದ ದಾರಿ, ಇಂದಿನ ಹಣವನ್ನು ಸೂತ್ರದ ಹೊರಗಿಡುವುದು:

```
=B2+NPV(12%,B3:B6)
```

ಈ ತಪ್ಪು ಬಹಳ ದಿನ ಅಡಗಿರಲು ಒಂದು ಕಾರಣವಿದೆ. ಎಲ್ಲ ಹಣವೂ ಒಂದೇ ಸಮನೆ ಒಂದು ವರ್ಷ ಸರಿದಿರುವುದರಿಂದ, ತಪ್ಪು ಉತ್ತರ ಎಂದರೆ ಸರಿ ಉತ್ತರವನ್ನು 1.12ರಿಂದ ಭಾಗಿಸಿದ್ದು, ಅಷ್ಟೇ. ಐದು ಲಕ್ಷದ ಎಣ್ಣೆ ಗಾಣ ಕೊಂಡು, ಪ್ರತಿ ವರ್ಷದ ಕೊನೆಗೆ ಒಂದೂವರೆ ಲಕ್ಷದಂತೆ ಐದು ವರ್ಷ ಗಳಿಸಿದರೆ ಸರಿಯಾದ ನಿವ್ವಳ 40,716. ತಪ್ಪು ಸೂತ್ರದಲ್ಲಿ 36,354. ಎರಡೂ ಲಾಭವೇ. ಲಾಭ ನಷ್ಟವಾಗುವುದಿಲ್ಲ, ನಷ್ಟ ಲಾಭವಾಗುವುದಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. IRR ಹಾಕಿ ತಾಳೆ ನೋಡುತ್ತೇನೆ ಎಂದರೂ ಪ್ರಯೋಜನವಿಲ್ಲ. ನಿವ್ವಳ ಸೊನ್ನೆಯಾಗುವ ದರವನ್ನು ಅದು ಹುಡುಕುತ್ತದೆ, ಸೊನ್ನೆಯನ್ನು ಎಷ್ಟರಿಂದ ಭಾಗಿಸಿದರೂ ಸೊನ್ನೆಯೇ. ತಪ್ಪು ಕಚ್ಚುವುದು ಉತ್ತರವನ್ನು ಹೊರಗಿನ ಇನ್ನೊಂದು ಮೊತ್ತದ ಜೊತೆ ಹೋಲಿಸಿದಾಗ, ಗೋದಾಮಿನ ಮಾಲೀಕರ 3,80,000ದಂಥ ಮೊತ್ತದ ಜೊತೆ. ತಿಂಗಳ ಲೆಕ್ಕವಾಗಿ, ತಿಂಗಳಿಗೆ ಶೇ 1ರ ದರವಿದ್ದರೆ ವ್ಯತ್ಯಾಸವೂ ಅಷ್ಟೇ ಸಣ್ಣದಾಗಿ, ಇನ್ನೂ ಚೆನ್ನಾಗಿ ಅಡಗಿಕೊಳ್ಳುತ್ತದೆ.

ನಿಮ್ಮ ಹಾಳೆ ಯಾವ ಲೆಕ್ಕ ಹಿಡಿಯುತ್ತದೆಂದು ತಿಳಿಯಲು ಖಾಲಿ ಕೋಶದಲ್ಲಿ `=NPV(10%,110)` ಎಂದು ಬರೆಯಿರಿ. 100 ಬಂದರೆ, ಒಂಟಿ ಮೊತ್ತಕ್ಕೂ ಒಂದು ವರ್ಷದ ಬಡ್ಡಿ ಮುರಿದಿದೆ ಎಂದರ್ಥ. ತಾರೀಖು ಕೇಳುವ XNPV ಹೀಗೆ ಮಾಡುವುದಿಲ್ಲ. ಮೊದಲ ತಾರೀಖಿನ ಹಣವನ್ನು ಅದು ಮುಟ್ಟದೆ ಬಿಡುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ NPV, ಇನ್ನೊಂದರಲ್ಲಿ XNPV ಬಳಸಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಜಗಳ ಖಚಿತ.

ಇದೇ ಗೋದಾಮಿನಲ್ಲಿ ಇನ್ನೊಂದು ಗುಂಡಿಯೂ ಇದೆ. ಮಾಲೀಕರು ಮೂರನೇ ವರ್ಷದ ಬಾಡಿಗೆ ಮನ್ನಾ ಮಾಡಿದರು, ನೀವು B4 ಅನ್ನು ಖಾಲಿ ಬಿಟ್ಟಿರಿ. NPV ಖಾಲಿ ಕೋಶವನ್ನು ಸೊನ್ನೆ ಎಂದು ಓದುವುದಿಲ್ಲ. ಆ ವರ್ಷವೇ ಇಲ್ಲವೆಂಬಂತೆ ಮುಂದಿನ ಹಣವನ್ನು ಒಂದು ವರ್ಷ ಮುಂಚಿತವಾಗಿ ಎಳೆದುಕೊಳ್ಳುತ್ತದೆ. ತಿದ್ದಿದ ಸೂತ್ರದಲ್ಲೂ 3,40,183 ಎಂದು ಬರುತ್ತದೆ. B4ರಲ್ಲಿ 0 ಎಂದು ಬರೆದರೆ 3,24,016.